ಕಿಂಡಿಯ ಬಿಸಿ, ಬಾಗಿಲಿನ ಬಿಸಿ: ಉದ್ಯಮಬಾಗದ ಒಂದು ಭಟ್ಟಿಯ ಪ್ರಕರಣ

ಬೆಳಗಾವಿಯ ಉದ್ಯಮಬಾಗದಲ್ಲಿ ಉಕ್ಕಿನ ಎರಕಗಳನ್ನು ಕಾಯಿಸಿ ನಾರ್ಮಲೈಸಿಂಗ್ ಮಾಡಿಕೊಡುವ ಒಂದು ಸಣ್ಣ ಘಟಕದಲ್ಲಿ ಈ ಪ್ರಕರಣ ನಡೆಯಿತು. ಅಲ್ಲಿನ ವಿದ್ಯುತ್ ಭಟ್ಟಿಯನ್ನು 927 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ 1200 ಕೆಲ್ವಿನ್‌ನಲ್ಲಿ, ಗಂಟೆಗಟ್ಟಲೆ ಹಿಡಿದಿಡಬೇಕಾಗುತ್ತದೆ. ಭಟ್ಟಿಯೊಳಗೆ ಉಷ್ಣತೆ ಅಳೆಯುವ ಕೆ-ಟೈಪ್ ಥರ್ಮೋಕಪಲ್ ಬಹುಕಾಲ ಆ ಬಿಸಿಯಲ್ಲೇ ಇದ್ದು ನಿಧಾನವಾಗಿ ದಾರಿ ತಪ್ಪುತ್ತಿದೆ ಎಂಬ ಅನುಮಾನ ಮಾಲೀಕರಿಗಿತ್ತು. ಆದ್ದರಿಂದ ಭಟ್ಟಿಯನ್ನು ಮುಟ್ಟದೆ, ಬಾಗಿಲಿನಲ್ಲಿರುವ ನೋಟದ ಕಿಂಡಿಯಿಂದ ಹೊರಬರುವ ವಿಕಿರಣವನ್ನು ಹೊರಗಿನಿಂದಲೇ ಅಳೆದು ಉಷ್ಣತೆಯ ಮೇಲೆ ಇನ್ನೊಂದು ಕಾವಲು ಇಡಬೇಕೆಂದು ಅವರು ಬಯಸಿದರು. ಅದಕ್ಕೆಂದು ಒಂದು ಥರ್ಮೋಪೈಲ್ ಗ್ರಾಹಕವನ್ನು ತರಿಸಿದ್ದರು. ಅದರ ಮುಖದ ಮೇಲೆ 10 ಮಿಲಿಮೀಟರ್ ವ್ಯಾಸದ ಕಪ್ಪು ಲೇಪನದ ವೃತ್ತವಿದ್ದು, ಅದರ ಮೇಲೆ ಬಿದ್ದ ಶಕ್ತಿಯನ್ನು ಜೊತೆಯ ಮೀಟರ್ ನೇರವಾಗಿ ಮಿಲಿವ್ಯಾಟ್‌ನಲ್ಲಿ, 0.01 ಮಿಲಿವ್ಯಾಟ್‌ನ ಹೆಜ್ಜೆಗಳಲ್ಲಿ ತೋರಿಸುತ್ತದೆ.

ಘಟಕದ ಯುವ ಎಂಜಿನಿಯರ್ ಮೊದಲೇ ಲೆಕ್ಕ ಹಾಕಿ, ಕಿಂಡಿಯ ನೇರಕ್ಕೆ 1 ಮೀಟರ್ ದೂರದಲ್ಲಿ ಗ್ರಾಹಕವನ್ನು ಇಟ್ಟರೆ 0.23 ಮಿಲಿವ್ಯಾಟ್ ಸಿಗಬೇಕು ಎಂದು ಬರೆದಿಟ್ಟಿದ್ದರು. ಮೀಟರ್ ತೋರಿಸಿದ್ದು 4.53. ನನಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟೇ: "ಸರ್, ಮೀಟರ್ ಕೆಟ್ಟೈತ್ರಿ, ಇಪ್ಪತ್ತು ಪಟ್ಟು ಜಾಸ್ತಿ ತೋರಸಾಕತ್ತೈತಿ. ವಾಪಸ್ ಕಳಸೂಣೇನ್ರಿ?" ಮೀಟರ್ ಕೆಟ್ಟಿರಲಿಲ್ಲ. ಲೆಕ್ಕದಲ್ಲಿ ಒಂದು ತಪ್ಪಿತ್ತು, ಆದರೆ ಆ ತಪ್ಪನ್ನು ತಿದ್ದಿದ ಮೇಲೂ ಐದು ಪಟ್ಟಿನ ಅಂತರ ಉಳಿಯಿತು. ಆ ಉಳಿದ ಅಂತರವೇ ಈ ಬರಹಕ್ಕೆ ಕಾರಣ.

ಮೊದಲು ಲೆಕ್ಕದ ತಪ್ಪು

ಕಿಂಡಿ ಎಂದರೆ ಬಾಗಿಲಿನ ಹೊರಮುಖದ 3 ಮಿಲಿಮೀಟರ್ ಉಕ್ಕಿನ ತಗಡಿನಲ್ಲಿ ಕೊರೆದ 20 ಮಿಲಿಮೀಟರ್ ವ್ಯಾಸದ ತೂತು. ಒಳಗಿನ ದೊಡ್ಡ ಗೂಡಿನ ಗೋಡೆಗಳಿಗೆ ಹೋಲಿಸಿದರೆ ಇಷ್ಟು ಸಣ್ಣ ತೂತು ಬಹುಮಟ್ಟಿಗೆ, ತನ್ನ ಮೇಲೆ ಬಿದ್ದ ವಿಕಿರಣವನ್ನೆಲ್ಲ ಹೀರುವ ಕಪ್ಪುಕಾಯದಂತೆಯೇ ವರ್ತಿಸುತ್ತದೆ. ಹೊರಗಿನಿಂದ ಒಳಹೊಕ್ಕ ಕಿರಣ ಗೋಡೆಯಿಂದ ಗೋಡೆಗೆ ಬಡಿದು ಅಲ್ಲೇ ಹೀರಲ್ಪಡುತ್ತದೆಯೇ ಹೊರತು ಅದೇ ತೂತಿನಿಂದ ಮರಳಿ ಬರುವ ಸಂಭವ ತೀರ ಕಡಿಮೆ. ಹಾಗಾಗಿ ತೂತಿನ ಪ್ರತಿ ಚದರ ಮೀಟರ್‌ನಿಂದ ಹೊರಡುವ ಶಕ್ತಿಯನ್ನು ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮದಿಂದ ಪಡೆಯಬಹುದು. 5.67 × 10⁻⁸ ಅನ್ನು 1200ರ ನಾಲ್ಕನೇ ಘಾತದಿಂದ ಗುಣಿಸಿದರೆ ಚದರ ಮೀಟರ್‌ಗೆ ಸುಮಾರು 1,17,600 ವ್ಯಾಟ್ ಬರುತ್ತದೆ. ತೂತಿನ ವಿಸ್ತೀರ್ಣ 3.14 × 10⁻⁴ ಚದರ ಮೀಟರ್ ಆದ್ದರಿಂದ ಒಟ್ಟು 36.9 ವ್ಯಾಟ್ ಹೊರಗೆ ಬರುತ್ತಿದೆ. ಇಲ್ಲಿಯವರೆಗೆ ಎಂಜಿನಿಯರ್ ಬರೆದದ್ದು ಸರಿಯಾಗಿತ್ತು.

ಮುಂದೆ ಅವರು ಈ 36.9 ವ್ಯಾಟ್ ಅನ್ನು 1 ಮೀಟರ್ ತ್ರಿಜ್ಯದ ಇಡೀ ಗೋಳದ ಮೇಲೆ ಸಮನಾಗಿ ಹರಡಿಬಿಟ್ಟಿದ್ದರು, ಅಂದರೆ 4π ಯಿಂದ ಭಾಗಿಸಿದ್ದರು. ಗಾಳಿಯಲ್ಲಿ ನೇತುಹಾಕಿದ ಒಂದು ಕೆಂಡದ ಗುಂಡು ಆಗಿದ್ದರೆ ಆ ಹಂಚಿಕೆ ಸರಿ. ಕಿಂಡಿ ಹಾಗಲ್ಲ, ಅದು ಚಪ್ಪಟೆಯಾದ ಮೇಲ್ಮೈ, ತನ್ನ ಮುಂದಿನ ಅರ್ಧಗೋಳಕ್ಕೆ ಮಾತ್ರ ಸೂಸುತ್ತದೆ. ಹಾಗಾದರೆ 2π ಯಿಂದ ಭಾಗಿಸಿದರೆ ಸಾಕಲ್ಲ ಎಂದು ಅವರು ಕೇಳಿದರು. ಅದೂ ಸಾಲದು, ಏಕೆಂದರೆ ಅರ್ಧಗೋಳದ ಎಲ್ಲ ದಿಕ್ಕಿಗೂ ಕಿಂಡಿ ಒಂದೇ ಸಮನಾಗಿ ಕೊಡುವುದಿಲ್ಲ. ಎದುರು ನಿಂತು ನೋಡಿದರೆ ಕಿಂಡಿ ಪೂರ್ಣ ವೃತ್ತವಾಗಿ ಕಾಣುತ್ತದೆ, ಪಕ್ಕಕ್ಕೆ ಸರಿದಂತೆ ಅದು ಅಂಡಾಕಾರವಾಗಿ ಕಿರಿದಾಗುತ್ತ ಹೋಗಿ, ಬಾಗಿಲಿಗೆ ಕೆನ್ನೆ ಒತ್ತಿ ನೋಡಿದರೆ ಬರಿಯ ಗೆರೆಯಾಗುತ್ತದೆ. ಯಾವ ಕೋನದಿಂದ ನೋಡಿದರೂ ಕಾಣುವಷ್ಟು ಭಾಗದ ಹೊಳಪು ಮಾತ್ರ ಅಷ್ಟೇ ಇರುತ್ತದೆ. ಹೀಗೆ ಹೊಳಪು ಬದಲಾಗದೆ ಕಾಣುವ ವಿಸ್ತೀರ್ಣ ಮಾತ್ರ ಕೊಸೈನ್ ಪ್ರಮಾಣದಲ್ಲಿ ಕುಗ್ಗುವುದನ್ನೇ ಲ್ಯಾಂಬರ್ಟ್‌ನ ಕೊಸೈನ್ ನಿಯಮ ಎನ್ನುತ್ತಾರೆ. ಲ್ಯಾಂಬರ್ಟ್ ಅದನ್ನು 1760ರಲ್ಲಿ ಬೆಳಕಿನ ವಿಷಯವಾಗಿ ಹೇಳಿದ್ದ. ಒಂದು ಬಿಂದುವಿನಿಂದ ನೋಡಿದಾಗ ಆವರಿಸಿದ ದಿಕ್ಕುಗಳ ಹರವನ್ನು ಘನಕೋನ ಎನ್ನುತ್ತಾರೆ, ಅದರ ಏಕಮಾನ ಸ್ಟೆರೇಡಿಯನ್. ಅರ್ಧಗೋಳದ ಘನಕೋನ 2π ಸ್ಟೆರೇಡಿಯನ್, ಅದರ ಎಲ್ಲ ದಿಕ್ಕುಗಳಲ್ಲಿ ಕೊಸೈನ್‌ನ ಸರಾಸರಿ ಅರ್ಧ. ಎರಡನ್ನೂ ಗುಣಿಸಿದರೆ ಉಳಿಯುವುದು π. ನೇರ ದಿಕ್ಕಿಗೆ ಎಷ್ಟು ಹೋಗುತ್ತದೆ ಎಂದು ತಿಳಿಯಲು ಭಾಗಿಸಬೇಕಾದದ್ದು ಈ π ಯಿಂದಲೇ.

ಉಷ್ಣ ವರ್ಗಾವಣೆಯ ಪಠ್ಯಗಳಲ್ಲಿ ಈ ಭಾಗಲಬ್ಧವನ್ನು ವಿಕಿರಣದ ತೀವ್ರತೆ ಎನ್ನುತ್ತಾರೆ. ಕಾಣುವ ಪ್ರತಿ ಚದರ ಮೀಟರ್ ಮೇಲ್ಮೈಯಿಂದ ಪ್ರತಿ ಸ್ಟೆರೇಡಿಯನ್ ಘನಕೋನದೊಳಗೆ ಹೋಗುವ ಶಕ್ತಿ ಅದು. ದ್ಯುತಿಶಾಸ್ತ್ರದವರು ಇದಕ್ಕೇ ಬೇರೆ ಹೆಸರಿಟ್ಟು, ತೀವ್ರತೆ ಎಂಬ ಪದವನ್ನು ಇನ್ನೊಂದಕ್ಕೆ ಬಳಸುತ್ತಾರೆ. ಎರಡು ಕಡೆಯ ಪುಸ್ತಕಗಳನ್ನು ಒಟ್ಟಿಗೆ ಓದುವವರು ಪದವನ್ನು ನಂಬದೆ ಏಕಮಾನವನ್ನು ನೋಡುವುದು ಕ್ಷೇಮ. ನಮ್ಮ ಕಿಂಡಿಗೆ ತೀವ್ರತೆ 1,17,600 ಭಾಗಿಸು π, ಅಂದರೆ ಸುಮಾರು 37,400. ಗ್ರಾಹಕಕ್ಕೆ ಬರುವ ಶಕ್ತಿಯ ಸೂತ್ರ ಹೀಗಿದೆ:

```
q = I · A1 · cosθ1 · ω,     ω = A2 · cosθ2 / r²
```

ಇಲ್ಲಿ A1 ಕಿಂಡಿಯ ವಿಸ್ತೀರ್ಣ, A2 ಗ್ರಾಹಕದ ವಿಸ್ತೀರ್ಣ, r ಅವುಗಳ ನಡುವಿನ ದೂರ. θ1 ಎಂಬುದು ಕಿಂಡಿಯ ಲಂಬರೇಖೆಯಿಂದ ನೋಟದ ರೇಖೆ ಎಷ್ಟು ಓರೆಯಾಗಿದೆ ಎಂಬುದನ್ನೂ, θ2 ಎಂಬುದು ಗ್ರಾಹಕದ ಲಂಬರೇಖೆಯಿಂದ ಅದೇ ನೋಟದ ರೇಖೆ ಎಷ್ಟು ಓರೆಯಾಗಿದೆ ಎಂಬುದನ್ನೂ ಹೇಳುತ್ತದೆ. ω ಎಂದರೆ ಕಿಂಡಿಯಲ್ಲಿ ಕಣ್ಣಿಟ್ಟು ಹೊರಗೆ ನೋಡಿದವರಿಗೆ ಗ್ರಾಹಕ ಆವರಿಸುವ ಘನಕೋನ. ನೇರ ಎದುರಿಗೆ ಇಟ್ಟಾಗ ಎರಡೂ ಕೊಸೈನ್ ಒಂದಾಗುತ್ತವೆ, ದೂರ 1 ಮೀಟರ್, ಗ್ರಾಹಕದ ವಿಸ್ತೀರ್ಣ 7.85 × 10⁻⁵ ಚದರ ಮೀಟರ್. ಹಾಗಾಗಿ ಘನಕೋನವೂ 7.85 × 10⁻⁵ ಸ್ಟೆರೇಡಿಯನ್. ಎಲ್ಲವನ್ನೂ ಗುಣಿಸಿದರೆ 0.92 ಮಿಲಿವ್ಯಾಟ್. ಎಂಜಿನಿಯರ್ ಬರೆದಿದ್ದ 0.23 ರ ಸರಿಯಾಗಿ ನಾಲ್ಕು ಪಟ್ಟು ಇದು.

ಕಿಂಡಿಯನ್ನು ಹೀಗೆ ಒಂದು ಬಿಂದುವಿನಂತೆ ಕಾಣುವುದು ಎಷ್ಟರ ಮಟ್ಟಿಗೆ ಸರಿ ಎಂಬ ಪ್ರಶ್ನೆ ಇಲ್ಲಿ ಸಹಜ. ವೃತ್ತಾಕಾರದ ಆಕರಕ್ಕೆ ನಿಖರವಾದ ಸೂತ್ರದಲ್ಲಿ r² ಬದಲಿಗೆ r² ಜೊತೆ ಕಿಂಡಿಯ ತ್ರಿಜ್ಯದ ವರ್ಗ ಸೇರಿರುತ್ತದೆ. 10 ಮಿಲಿಮೀಟರ್ ತ್ರಿಜ್ಯಕ್ಕೆ 1 ಮೀಟರ್ ದೂರದಲ್ಲಿ ಅದರಿಂದಾಗುವ ವ್ಯತ್ಯಾಸ ಹತ್ತು ಸಾವಿರಕ್ಕೆ ಒಂದು ಪಾಲು, 10 ಸೆಂಟಿಮೀಟರ್ ದೂರಕ್ಕೆ ಬಂದರೂ ನೂರಕ್ಕೆ ಒಂದೇ ಪಾಲು. ಆ ಕಡೆಯಿಂದ ನಮಗೆ ಚಿಂತೆ ಇರಲಿಲ್ಲ.

ಐದು ಪಟ್ಟು ಎಲ್ಲಿಂದ ಬಂತು

ಸಿಗಬೇಕಾದದ್ದು 0.92, ಸಿಕ್ಕಿದ್ದು 4.53. ಮರುದಿನ ಬೆಳಿಗ್ಗೆ ನಾನು ಅಲ್ಲಿಗೆ ಹೋದಾಗ ಭಟ್ಟಿ ರಾತ್ರಿಯಿಡೀ ಉರಿದು ಸ್ಥಿರವಾಗಿತ್ತು, ಗ್ರಾಹಕ ಕಿಂಡಿಯ ಎದುರು ಸ್ಟ್ಯಾಂಡಿನ ಮೇಲೆ ನಿಂತಿತ್ತು. ನಾನು ಮಾಡಿದ್ದು ಒಂದೇ ಕೆಲಸ. ಮೂಲೆಯಲ್ಲಿ ಬಿದ್ದಿದ್ದ ಅಂಗೈ ಅಗಲದ ತಗಡನ್ನು ಇಕ್ಕಳದಲ್ಲಿ ಹಿಡಿದು, ಬಾಗಿಲಿಗೆ ತಾಗದಂತೆ ನಾಲ್ಕು ಬೆರಳು ಈಚೆಗೆ, ಕಿಂಡಿಯಷ್ಟೇ ಮರೆಯಾಗುವಂತೆ ಅಡ್ಡ ಹಿಡಿದೆ. ಕಿಂಡಿಯ ಕೆಂಬೆಳಕು ಪೂರ್ತಿ ಮುಚ್ಚಿಹೋಯಿತು. ಆಗ ಮೀಟರ್ ಸೊನ್ನೆಯ ಸಮೀಪಕ್ಕೆ ಇಳಿಯಬೇಕು ಎಂದು ಪಕ್ಕದಲ್ಲಿದ್ದವರು ಕಾದರು. ಅದು 3.62 ಕ್ಕೆ ಇಳಿದು ಅಲ್ಲೇ ನಿಂತಿತು.

ವ್ಯತ್ಯಾಸ 0.91. ಕಿಂಡಿಯದೆಂದು ಲೆಕ್ಕ ಹೇಳಿದ್ದು 0.92. ಎಂದರೆ ತಿದ್ದಿದ ಮೇಲೆ ಕಿಂಡಿಯ ಲೆಕ್ಕ ಸರಿಯಾಗಿಯೇ ಇದ್ದು, ಉಳಿದ 3.62 ಮಿಲಿವ್ಯಾಟ್ ಬೇರೆಲ್ಲಿಂದಲೋ ಬರುತ್ತಿತ್ತು. ನಾನು ಬಾಗಿಲಿನ ಕಡೆ ಬೆರಳು ತೋರಿಸಿದಾಗ ಮಾಲೀಕರು ಒಪ್ಪಲಿಲ್ಲ. "ಬಾಗಲಾ ಬರೇ ಬೆಚ್ಚಗ ಐತ್ರಿ. ಒಳಗ ಒಂಬೈನೂರು, ಹೊರಗ ಎಪ್ಪತ್ತು ಡಿಗ್ರಿನೂ ಇರಂಗಿಲ್ಲ. ಅದೇನ್ ಮಾಡೀತು?" ಅವರ ಮಾತಿನಲ್ಲಿ ತರ್ಕವಿತ್ತು, ಆದರೆ ಅದು ತೀವ್ರತೆಯ ತರ್ಕ ಮಾತ್ರ, ಘನಕೋನ ಅದರಲ್ಲಿ ಬಿಟ್ಟುಹೋಗಿತ್ತು.

ಬಾಗಿಲಿನ ಉಷ್ಣತೆಯನ್ನು ಮುಟ್ಟಿ ಅಳೆದಾಗ ಸುಮಾರು 70 ಡಿಗ್ರಿ, ಅಂದರೆ 343 ಕೆಲ್ವಿನ್ ಇತ್ತು. ಶೆಡ್ಡಿನ ಗಾಳಿ ಮತ್ತು ಗ್ರಾಹಕದ ದೇಹ 30 ಡಿಗ್ರಿಯಲ್ಲಿದ್ದವು. ಥರ್ಮೋಪೈಲ್ ತನ್ನ ದೇಹಕ್ಕಿಂತ ಬಿಸಿಯಾದ ಎಲ್ಲದರಿಂದಲೂ ಪಡೆಯುತ್ತದೆ ಮತ್ತು ತಾನೂ ಹೊರಗೆ ಕೊಡುತ್ತಿರುತ್ತದೆ. ಅದು ತೋರಿಸುವುದು ಈ ಕೊಡು-ಕೊಳ್ಳುವಿಕೆಯ ವ್ಯತ್ಯಾಸವನ್ನು. ಆದ್ದರಿಂದ 343 ರ ನಾಲ್ಕನೇ ಘಾತದಿಂದ 303 ರ ನಾಲ್ಕನೇ ಘಾತವನ್ನು ಕಳೆದು, ಬಣ್ಣ ಬಳಿದ ಬಾಗಿಲಿನ ಸೂಸುವ ಗುಣವನ್ನು 0.9 ಎಂದು ಹಿಡಿದರೆ, ಚದರ ಮೀಟರ್‌ಗೆ 276 ವ್ಯಾಟ್ ಬರುತ್ತದೆ. π ಯಿಂದ ಭಾಗಿಸಿದರೆ ತೀವ್ರತೆ 88. ಕಿಂಡಿಯ 37,400 ರ ಮುಂದೆ ಇದು ನಾನೂರರಲ್ಲಿ ಒಂದು ಪಾಲೂ ಅಲ್ಲ.

ಈಗ ಗ್ರಾಹಕದ ಕಡೆ ನಿಂತು ನೋಡೋಣ. ಸೂತ್ರದಲ್ಲಿ A1, A2, r² ಮೂರೂ ಒಟ್ಟಿಗೆ ಇರುವುದರಿಂದ ಘನಕೋನವನ್ನು ಯಾವ ತುದಿಯಿಂದ ಬೇಕಾದರೂ ಎಣಿಸಬಹುದು: ಕಿಂಡಿಯಿಂದ ಕಾಣುವ ಗ್ರಾಹಕದ ಘನಕೋನ ಎನ್ನುವ ಬದಲು ಗ್ರಾಹಕದಿಂದ ಕಾಣುವ ಕಿಂಡಿಯ ಘನಕೋನ ಎಂದರೂ ಉತ್ತರ ಅದೇ. ಗ್ರಾಹಕದಿಂದ ನೋಡಿದರೆ ಕಿಂಡಿ ಆವರಿಸುವುದು 0.000314 ಸ್ಟೆರೇಡಿಯನ್. 80 ಸೆಂಟಿಮೀಟರ್ ಉದ್ದಗಲದ ಬಾಗಿಲನ್ನು ಒರಟಾಗಿ ಎಣಿಸಿದರೆ 0.64 ಸ್ಟೆರೇಡಿಯನ್. ಬಾಗಿಲಿನ ಅಂಚುಗಳು ದೂರವೂ ಓರೆಯೂ ಆಗಿರುವುದನ್ನು ಗಮನಿಸಿ ಕೊಸೈನ್‌ಗಳನ್ನು ಸೇರಿಸಿ ಎಚ್ಚರದಿಂದ ಕೂಡಿದರೆ ಅದು 0.53 ಕ್ಕೆ ಇಳಿಯುತ್ತದೆ. ಹಾಗಿದ್ದರೂ ಕಿಂಡಿಯ ಘನಕೋನಕ್ಕಿಂತ ಇದು ಸುಮಾರು ಸಾವಿರದ ಏಳುನೂರು ಪಟ್ಟು ದೊಡ್ಡದು. ತೀವ್ರತೆಯಲ್ಲಿ ನಾನೂರು ಪಟ್ಟು ಸೋತ ಬಾಗಿಲು ಘನಕೋನದಲ್ಲಿ ಸಾವಿರದ ಏಳುನೂರು ಪಟ್ಟು ಗೆಲ್ಲುತ್ತದೆ. 88 ಅನ್ನು 0.53 ರಿಂದಲೂ ಗ್ರಾಹಕದ ವಿಸ್ತೀರ್ಣದಿಂದಲೂ ಗುಣಿಸಿದರೆ 3.65 ಮಿಲಿವ್ಯಾಟ್. ತಗಡು ಅಡ್ಡ ಹಿಡಿದಾಗ ಮೀಟರ್ ತೋರಿಸಿದ್ದು 3.62. ಬಾಗಿಲಿನ ಮೂಲೆಮೂಲೆಗೂ ಒಂದೇ ಬಿಸಿ ಇರದೆ ಇದ್ದುದನ್ನು ನೆನೆದರೆ ಇಷ್ಟು ಹತ್ತಿರದ ಹೊಂದಾಣಿಕೆಯಲ್ಲಿ ಸ್ವಲ್ಪ ಅದೃಷ್ಟವೂ ಇತ್ತು ಎಂದೇ ನಾನು ಭಾವಿಸುತ್ತೇನೆ.

ಇಂಥ ಸ್ಥಾಪನೆಗಳಲ್ಲಿ ನಾನು ಕಂಡ ಮಟ್ಟಿಗೆ ಅತಿ ಸಾಮಾನ್ಯವಾದ ತಪ್ಪು ಇದೇ. ಕಣ್ಣಿಗೆ ಕಿಂಡಿ ಮಾತ್ರ ಹೊಳೆಯುತ್ತದೆ, ಬಾಗಿಲು ಕತ್ತಲಾಗಿರುತ್ತದೆ. ಆದ್ದರಿಂದ ಆಕರ ಎಂದರೆ ಕಿಂಡಿ ಎಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಕಪ್ಪು ಲೇಪನದ ಗ್ರಾಹಕಕ್ಕೆ ಕೆಂಪು ಬೆಳಕೂ ಒಂದೇ, ಕಾಣದ ಶಾಖಕಿರಣವೂ ಒಂದೇ. ಕಿಂಡಿ ಮುಚ್ಚಿ ಒಂದು, ತೆರೆದು ಒಂದು, ಹೀಗೆ ಎರಡು ಅಳತೆ ತೆಗೆದು ಕಳೆಯದ ಹೊರತು ಸಣ್ಣ ಆಕರದ ಯಾವ ಅಂಕಿಯನ್ನೂ ನಂಬಬಾರದು. ಅಡ್ಡ ಹಿಡಿಯುವ ತಗಡು ಕಿಂಡಿಯನ್ನಷ್ಟೇ ಮರೆಮಾಡಬೇಕು. ಗ್ರಾಹಕದ ಮುಂದೆ ಹಿಡಿದರೆ ಬಾಗಿಲೂ ಮರೆಯಾಗಿ, ಕಳೆಯಬೇಕಾದ ಅಂಕಿಯೇ ಸಿಗುವುದಿಲ್ಲ. ತಗಡು ಬಹಳ ಹೊತ್ತು ಕಿಂಡಿಯ ಎದುರು ಇದ್ದರೆ ತಾನೇ ಕಾದು ಸೂಸತೊಡಗುವುದರಿಂದ, ಮೀಟರ್ ನೆಲೆಗೊಳ್ಳುವ ಹತ್ತು ಸೆಕೆಂಡಿನಲ್ಲಿ ಅಂಕಿ ಬರೆದುಕೊಂಡು ತೆಗೆದುಬಿಡಬೇಕು.

ಪಕ್ಕಕ್ಕೆ ಸರಿದಾಗ

ಕಿಂಡಿಯ ನೇರಕ್ಕೆ ಗ್ರಾಹಕವನ್ನು ಶಾಶ್ವತವಾಗಿ ಇಡುವಂತಿರಲಿಲ್ಲ, ಏಕೆಂದರೆ ಅದು ಎರಕಗಳನ್ನು ಹೊತ್ತ ಟ್ರಾಲಿ ಬರುವ ದಾರಿ. ಬಲಗಡೆಯ ಕಂಬಕ್ಕೆ ಬ್ರಾಕೆಟ್ ಹಾಕಿ ಕೂರಿಸೋಣ ಎಂಬುದು ಮಾಲೀಕರ ಆಲೋಚನೆ. ಆ ಜಾಗ ಬಾಗಿಲಿನಿಂದ 1 ಮೀಟರ್ ಮುಂದೆ ಮತ್ತು ಕಿಂಡಿಯ ನೇರದಿಂದ 75 ಸೆಂಟಿಮೀಟರ್ ಬಲಕ್ಕೆ ಇತ್ತು. ಪೈಥಾಗೊರಸ್ ಪ್ರಕಾರ ದೂರ 1.25 ಮೀಟರ್, ಕೋನ ಸುಮಾರು 37 ಡಿಗ್ರಿ, ಅದರ ಕೊಸೈನ್ 0.8.

ಬ್ರಾಕೆಟ್‌ನಲ್ಲಿ ಗ್ರಾಹಕದ ಮುಖ ಬಾಗಿಲಿಗೆ ಸಮಾಂತರವಾಗಿ ಕೂರುತ್ತಿದ್ದರಿಂದ ಎರಡೂ ತುದಿಯಲ್ಲಿ ಕೊಸೈನ್ ಬರುತ್ತದೆ. ಕಿಂಡಿ ಗ್ರಾಹಕಕ್ಕೆ ಓರೆಯಾಗಿ ಕಾಣುತ್ತದೆ, ಅದಕ್ಕೆ ಒಂದು 0.8, ಗ್ರಾಹಕವೂ ಕಿಂಡಿಗೆ ಓರೆಯಾಗಿ ಕಾಣುತ್ತದೆ, ಅದಕ್ಕೆ ಇನ್ನೊಂದು 0.8. ದೂರದ ವರ್ಗ 1.5625 ಆದದ್ದೂ ಬೇರೆ. ಮೂರೂ ಸೇರಿ 0.92 ಮಿಲಿವ್ಯಾಟ್ 0.38 ಕ್ಕೆ ಇಳಿಯುತ್ತದೆ. ಸಮಾಂತರವಾಗಿಯೇ ಪಕ್ಕಕ್ಕೆ ಸರಿಸಿದಾಗ ದೂರವೂ ಕೊಸೈನ್‌ನಲ್ಲೇ ಬಂದು ಸೇರುವುದರಿಂದ, ಒಟ್ಟು ಇಳಿಕೆ ಕೊಸೈನ್‌ನ ನಾಲ್ಕನೇ ಘಾತವಾಗುತ್ತದೆ: 0.8 ರ ನಾಲ್ಕನೇ ಘಾತ 0.41. ಗ್ರಾಹಕವನ್ನು ತಿರುಗಿಸಿ ಮುಖವನ್ನು ಕಿಂಡಿಯತ್ತ ಮಾಡಿದರೆ ಎರಡನೆಯ ಕೊಸೈನ್ ಮಾತ್ರ ಒಂದಾಗಿ, ಲೆಕ್ಕ 0.47 ಕ್ಕೆ ಏರುತ್ತದೆ. ಕಿಂಡಿಯ ಕಡೆಯ ಕೊಸೈನ್ ಎಷ್ಟು ತಿರುಗಿಸಿದರೂ ಹೋಗುವುದಿಲ್ಲ, ಏಕೆಂದರೆ ತಿರುಗುವುದು ಗ್ರಾಹಕ, ಬಾಗಿಲಲ್ಲ. ಒಂದನ್ನು ತಿದ್ದಿ ಎರಡನ್ನೂ ತಿದ್ದಿದೆನೆಂದು ತಿಳಿಯುವುದು ಕಾಗದದ ಮೇಲೂ ಸ್ಥಳದಲ್ಲೂ ಆಗುವ ಪ್ರಮಾದ.

ಅಳತೆಗಳು ಮಾತ್ರ ಬೇರೆಯೇ ಬಂದವು. ತಗಡು ಅಡ್ಡ ಹಿಡಿದು ಕಳೆದ ಮೇಲೆ, ಸಮಾಂತರವಾಗಿ ಇಟ್ಟಾಗ 0.23, ಕಿಂಡಿಯತ್ತ ತಿರುಗಿಸಿದಾಗ 0.29. ಎರಡೂ ಲೆಕ್ಕಕ್ಕಿಂತ ಸುಮಾರು ನೂರಕ್ಕೆ ನಲವತ್ತು ಕಡಿಮೆ. ಎಲ್ಲಿ ತಪ್ಪಿದೆ ಎಂದು ಹುಡುಕಲು ಈ ಎರಡು ಅಂಕಿಗಳ ಅನುಪಾತವೇ ಸಾಕಾಯಿತು. 0.29 ಅನ್ನು 0.23 ರಿಂದ ಭಾಗಿಸಿದರೆ 1.26, ಕೊಸೈನ್ ನಿಯಮ ಹೇಳುವುದು 1.25. ಅಂದರೆ ಗ್ರಾಹಕದ ತುದಿಯಲ್ಲಿ ಕೊಸೈನ್ ನಿಯಮ ಚೆನ್ನಾಗಿಯೇ ನಡೆಯುತ್ತಿತ್ತು. ದೂರವನ್ನು ಟೇಪಿನಿಂದ ಎರಡು ಬಾರಿ ಅಳೆದಾಗಿತ್ತು. ಉಳಿದದ್ದು ಕಿಂಡಿಯ ತುದಿ.

ಅದನ್ನು ಪರೀಕ್ಷಿಸಲು ಕಿಂಡಿಯ ಕೆಳಗೆ ನೆಲದ ಮೇಲೆ ದಾರ ಮತ್ತು ಸೀಮೆಸುಣ್ಣದಿಂದ 1 ಮೀಟರ್ ತ್ರಿಜ್ಯದ ಕಮಾನು ಎಳೆದೆವು. ದೂರ ಬದಲಾಗದಂತೆ, ಮುಖ ಸದಾ ಕಿಂಡಿಯತ್ತ ಇರುವಂತೆ ಗ್ರಾಹಕವನ್ನು ಆ ಕಮಾನಿನ ಮೇಲೆ ಸರಿಸುತ್ತ ಹೋದೆವು. ಹೀಗೆ ಮಾಡಿದರೆ ಸೂತ್ರದಲ್ಲಿ ಬದಲಾಗುವುದು θ1 ಒಂದೇ. 10 ಡಿಗ್ರಿಯಲ್ಲಿ 0.91 ಬರಬೇಕು, 0.90 ಬಂತು. 20 ಡಿಗ್ರಿಯಲ್ಲಿ 0.87 ಬರಬೇಕು, 0.80 ಬಂತು. 37 ಡಿಗ್ರಿಯಲ್ಲಿ 0.74 ರ ಬದಲು 0.45. ಹತ್ತು ಡಿಗ್ರಿಯವರೆಗೆ ನಿಯಮಕ್ಕೆ ಬದ್ಧವಾಗಿದ್ದ ಕಿಂಡಿ ಆಮೇಲೆ ಬೇಗಬೇಗನೆ ಕುಸಿಯುತ್ತಿತ್ತು.

ಕಾರಣ ಬಾಗಿಲಿನ ದಪ್ಪದಲ್ಲಿತ್ತು. 20 ಮಿಲಿಮೀಟರ್ ತೂತಿರುವುದು ಹೊರಗಿನ ತಗಡಿನಲ್ಲಿ. ಅದರ ಹಿಂದೆ 100 ಮಿಲಿಮೀಟರ್ ದಪ್ಪದ ಸೆರಾಮಿಕ್ ಫೈಬರ್ ಪದರ, ಅದರಲ್ಲಿ 60 ಮಿಲಿಮೀಟರ್ ವ್ಯಾಸದ ನೇರ ಕೊಳವೆಯಂಥ ತೆರಪು. ನೇರ ನಿಂತಾಗ ನೋಟ ಆ ತೆರಪಿನ ನಡುವೆ ಹಾದು ಭಟ್ಟಿಯ ಗರ್ಭವನ್ನೇ ತಲುಪುತ್ತದೆ. ಓರೆಯಾದಾಗ ನೋಟದ ರೇಖೆ ಒಳಮುಖ ತಲುಪುವ ಮೊದಲೇ ಫೈಬರ್ ಗೋಡೆಗೆ ಬಡಿಯುತ್ತದೆ. 37 ಡಿಗ್ರಿಯಲ್ಲಿ ಕಿಂಡಿಯ ನಡುವಿನಿಂದ ಹೊಕ್ಕ ನೋಟ ಬರಿ 40 ಮಿಲಿಮೀಟರ್ ಆಳದಲ್ಲೇ ಗೋಡೆಗೆ ತಾಗುತ್ತದೆ, ಮತ್ತು ಅಲ್ಲಿ ಫೈಬರ್ ಭಟ್ಟಿಯಷ್ಟು ಬಿಸಿಯಾಗಿರುವುದಿಲ್ಲ. ನಿಯಮ ಕೆಟ್ಟಿರಲಿಲ್ಲ, ನಾವು ಆಕರ ಎಂದುಕೊಂಡ ವಸ್ತುವೇ ಕೋನದೊಡನೆ ಬದಲಾಗುತ್ತಿತ್ತು. ಕಿಂಡಿಯ ಅಂಚಿನಿಂದ ಹೊಕ್ಕ ಕಿರಣವೂ ಗೋಡೆಗೆ ತಾಗದೆ ಒಳಗೆ ಹೋಗಬೇಕಾದರೆ, 100 ಮಿಲಿಮೀಟರ್ ಆಳದಲ್ಲಿ ಅದು 20 ಮಿಲಿಮೀಟರ್‌ಗಿಂತ ಹೆಚ್ಚು ಸರಿಯಬಾರದು. 20 ಭಾಗಿಸು 100, ಅದರ ಕೋನ 11 ಡಿಗ್ರಿ. ಕಮಾನಿನ ಮೇಲೆ ಅಂಕಿಗಳು ಕುಸಿಯಲು ತೊಡಗಿದ್ದು 10 ಮತ್ತು 20 ರ ನಡುವೆ.

ಇದನ್ನು ಗಮನಿಸದೆ ಕಂಬದ ಮೇಲೆಯೇ ಗ್ರಾಹಕ ಕೂರಿಸಿದ್ದರೆ ಆಗುತ್ತಿದ್ದ ಅನಾಹುತ ಸಣ್ಣದಲ್ಲ. ಶಕ್ತಿ 0.61 ಪಾಲಿಗೆ ಇಳಿದರೆ ಉಷ್ಣತೆ ಅದರ ನಾಲ್ಕನೇ ಮೂಲದಷ್ಟು, ಅಂದರೆ 0.88 ಪಾಲಿಗೆ ಇಳಿದಂತೆ ಲೆಕ್ಕ ತೋರಿಸುತ್ತದೆ. 927 ಡಿಗ್ರಿಯ ಭಟ್ಟಿ ಕಾಗದದ ಮೇಲೆ 790 ಡಿಗ್ರಿಯ ಸುತ್ತ ಬರುತ್ತಿತ್ತು. ಅದನ್ನು ನಂಬಿ ಯಾರಾದರೂ ಬಿಸಿ ಏರಿಸಿದ್ದರೆ ಎರಕಗಳು ಹಾಳಾಗುತ್ತಿದ್ದವು.

ಕೊನೆಗೆ ಕೂರಿಸಿದ ಜಾಗ

ಫೈಬರ್ ತೆರಪನ್ನು ಒಳಗಡೆಗೆ ಅಗಲವಾಗುವ ಆಲಿಕೆಯಂತೆ ಕೊರೆದರೆ 37 ಡಿಗ್ರಿಯೂ ದಕ್ಕುತ್ತದೆ. ಆದರೆ ಅದಕ್ಕೆ ಒಳಮುಖದಲ್ಲಿ 170 ಮಿಲಿಮೀಟರ್ ವ್ಯಾಸದ ಬಾಯಿ ಬೇಕಾಗುತ್ತಿತ್ತು. ಬಾಗಿಲಿನ ಹೊದಿಕೆಯನ್ನು ಅಷ್ಟು ಬಿಡಿಸಲು ಮಾಲೀಕರು ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಹಾಗಾಗಿ 10 ಡಿಗ್ರಿಯೊಳಗೇ ಜಾಗ ಹುಡುಕಬೇಕಾಯಿತು, ಮತ್ತು ಪಕ್ಕದಲ್ಲಿ ಸಿಗದ ಜಾಗ ಮೇಲೆ ಸಿಕ್ಕಿತು. ಕಿಂಡಿ ನೆಲದಿಂದ 1.9 ಮೀಟರ್ ಎತ್ತರದಲ್ಲಿದ್ದುದರಿಂದ ಅದಕ್ಕಿಂತ ಸ್ವಲ್ಪ ಮೇಲೆ, ಛಾವಣಿಯ ಆಂಗಲ್‌ನಿಂದ ಇಳಿಬಿಟ್ಟ ಪೈಪಿಗೆ ಗ್ರಾಹಕ ಕಟ್ಟಿದರೆ ಟ್ರಾಲಿಯೂ ಆಳುಗಳೂ ಕೆಳಗೆ ಸಲೀಸಾಗಿ ಹಾಯಬಹುದಿತ್ತು.

ಮೊದಲು 2 ಮೀಟರ್ ದೂರದಲ್ಲಿ ಎಂದು ಯೋಚಿಸಿದೆವು. ಲೆಕ್ಕ ಹಾಕಿದಾಗ ಅಲ್ಲಿ ಸಿಗುವುದು 0.22 ಮಿಲಿವ್ಯಾಟ್. ಭಟ್ಟಿ 30 ಡಿಗ್ರಿ ಇಳಿದರೆ ಶಕ್ತಿ ನೂರಕ್ಕೆ ಹತ್ತರಷ್ಟು ಇಳಿಯುತ್ತದೆ, ಅಂದರೆ 0.02, ಮೀಟರಿನ ಎರಡೇ ಹೆಜ್ಜೆ. ಎರಡು ಹೆಜ್ಜೆಯ ಮೇಲೆ ಎಚ್ಚರಿಕೆಯ ಗಂಟೆ ಇಡುವುದು ವಿವೇಕವಲ್ಲ. ಆದ್ದರಿಂದ ಮುಂದೆ ತಂದು 1.4 ಮೀಟರ್ ದೂರದಲ್ಲಿ, ಕಿಂಡಿಗಿಂತ 24 ಸೆಂಟಿಮೀಟರ್ ಮೇಲೆ, ಮುಖವನ್ನು ಕಿಂಡಿಯತ್ತ ಬಗ್ಗಿಸಿ ಕೂರಿಸಿದೆವು. ದೂರದ ವರ್ಗ 2.02, ಕಿಂಡಿಯ ಕಡೆಯ ಕೊಸೈನ್ 0.986, ಗ್ರಾಹಕದ ಕಡೆಯದು ಒಂದು. ಸಿಗಬೇಕಾದ ಶಕ್ತಿ 0.45 ಮಿಲಿವ್ಯಾಟ್. 30 ಡಿಗ್ರಿ ಇಳಿದರೆ ಅದು 0.41 ಆಗುತ್ತದೆ, ನಾಲ್ಕು ಹೆಜ್ಜೆಯ ಅಂತರ.

ಬಾಗಿಲಿನ ಬಿಸಿಯನ್ನು ದೂರವಿಡಲು ಎರಡು ಕೆಲಸ ಮಾಡಿದೆವು. ಗ್ರಾಹಕದ ಮುಂದೆ 20 ಮಿಲಿಮೀಟರ್ ಒಳವ್ಯಾಸದ, 200 ಮಿಲಿಮೀಟರ್ ಉದ್ದದ, ಒಳಗೆ ಕಪ್ಪು ಬಳಿದ ಕೊಳವೆ ಜೋಡಿಸಿದೆವು. ಕಿಂಡಿಯ ದೂರದಲ್ಲಿ ಗ್ರಾಹಕದ ಪ್ರತಿ ಬಿಂದುವಿಗೂ ತಡೆಯಿಲ್ಲದೆ ಕಾಣುವ ವೃತ್ತದ ತ್ರಿಜ್ಯ 40 ಮಿಲಿಮೀಟರ್ ಆದ್ದರಿಂದ 10 ಮಿಲಿಮೀಟರ್ ತ್ರಿಜ್ಯದ ಕಿಂಡಿಯ ಒಂದು ಕಿರಣವೂ ಕಡಿಮೆಯಾಗುವುದಿಲ್ಲ, ಕೊಳವೆ ತುಸು ಅಲುಗಾಡಿದರೂ ತೊಂದರೆಯಿಲ್ಲ. ಬಾಗಿಲಿನ ಪಾಲು ಮಾತ್ರ 0.05 ಮಿಲಿವ್ಯಾಟ್‌ಗೆ ಇಳಿಯಿತು. ಇಲ್ಲೊಂದು ಸೂಕ್ಷ್ಮವಿದೆ. ಕೊಳವೆಯ ನೋಟವನ್ನು ಬಾಗಿಲು ತುಂಬಿಕೊಂಡಿರುವ ತನಕ, ಗ್ರಾಹಕವನ್ನು ಹಿಂದೆ ಮುಂದೆ ಸರಿಸಿದರೂ ಬಾಗಿಲಿನ ಪಾಲು ಬದಲಾಗುವುದಿಲ್ಲ; ದೂರ ಹೆಚ್ಚಿದಷ್ಟೂ ನೋಟದಲ್ಲಿ ಬಾಗಿಲಿನ ಹೆಚ್ಚು ಭಾಗ ಬಂದು ಸೇರಿ ಲೆಕ್ಕ ಸಮವಾಗುತ್ತದೆ. ಕಿಂಡಿಯ ಪಾಲು ಮಾತ್ರ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಹಿಂದೆ ಸರಿದರೆ ಬಾಗಿಲಿನ ತೊಂದರೆ ತಪ್ಪೀತು ಎಂಬ ಊಹೆ ತಲೆಕೆಳಗು.

0.45 ರ ಮೇಲೆ 0.05 ಎಂದರೂ ಅಲಕ್ಷಿಸುವಂಥದ್ದಲ್ಲ, ಏಕೆಂದರೆ ಬೆಳಿಗ್ಗೆ ತಣ್ಣಗಿರುವ ಬಾಗಿಲು ಮಧ್ಯಾಹ್ನಕ್ಕೆ ಕಾಯುತ್ತದೆ. ಹಾಗಾಗಿ ಕಿಂಡಿಯ ಸುತ್ತ 30 ಸೆಂಟಿಮೀಟರ್ ಉದ್ದಗಲದ ಹೊಳೆಯುವ ಅಲ್ಯೂಮಿನಿಯಂ ಹಾಳೆಯನ್ನು, ನಡುವೆ ಕಿಂಡಿಗಿಂತ ತುಸು ದೊಡ್ಡ ತೂತು ಕೊರೆದು, ಹೊಡೆದೆವು. ಅಲ್ಯೂಮಿನಿಯಂ ಬಿಸಿಯಾದರೂ ಸೂಸುವುದು ಕಪ್ಪುಕಾಯದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ, ಉಳಿದಂತೆ ಅದು ಶೆಡ್ಡಿನ ತಣ್ಣನೆಯ ಭಾಗಗಳನ್ನೇ ಪ್ರತಿಫಲಿಸುತ್ತದೆ. ಬಾಗಿಲಿನ ಪಾಲು ಮೀಟರಿನ ಒಂದು ಹೆಜ್ಜೆಗಿಂತ ಕೆಳಗೆ ಹೋಯಿತು. ಕಿಂಡಿಗೆ ಧೂಳು ಬೀಳದಂತೆ ಗಾಜು ಹಾಕೋಣವೇ ಎಂದು ಎಂಜಿನಿಯರ್ ಕೇಳಿದರು; ಬೇಡವೆಂದೆ. 1200 ಕೆಲ್ವಿನ್‌ನ ವಿಕಿರಣದಲ್ಲಿ 2.7 ಮೈಕ್ರೋಮೀಟರ್‌ಗಿಂತ ಗಿಡ್ಡ ತರಂಗಗಳಲ್ಲಿ ಇರುವುದು ಸುಮಾರು ಮೂರನೇ ಒಂದು ಪಾಲು, ಅದರಾಚೆಗಿನ ಬಹುಪಾಲನ್ನು ಸಾಮಾನ್ಯ ಗಾಜು ನುಂಗಿಬಿಡುತ್ತದೆ.

ಅಳವಡಿಸಿದ ದಿನ ಹೊಸ ಥರ್ಮೋಕಪಲ್ ಒಂದನ್ನು ಭಟ್ಟಿಯೊಳಗೆ ಇಳಿಸಿ ಹೋಲಿಸಿದೆವು. ತಣ್ಣನೆಯ ಎರಕ ಒಳಗಿರುವಾಗ ಕಿಂಡಿಯ ನೋಟ ಅದರ ಮೇಲೇ ಬಿದ್ದು ಅಂಕಿ ಇಳಿದಿರುತ್ತದೆ. ಆದ್ದರಿಂದ ಸರಕು ಪೂರ್ತಿ ಕಾದು ನಿಂತ ಮೇಲಷ್ಟೇ ಅಳೆದೆವು. 927 ಡಿಗ್ರಿಯಲ್ಲಿ ಮೀಟರ್ 0.45 ತೋರಿಸಿತು. ಭಟ್ಟಿಯನ್ನು 880 ಕ್ಕೆ ಇಳಿಸಿ ಸ್ಥಿರವಾಗಲು ಬಿಟ್ಟಾಗ, 1153 ಮತ್ತು 1200 ರ ಅನುಪಾತದ ನಾಲ್ಕನೇ ಘಾತದಂತೆ 0.38 ಬರಬೇಕಿತ್ತು, 0.38 ಬಂತು. ಗಂಟೆಯನ್ನು 0.41 ಕ್ಕೆ ಇಟ್ಟೆವು. ಹಳೆಯ ಥರ್ಮೋಕಪಲ್ ಆ ಹೊತ್ತಿಗೆ ಹೊಸದಕ್ಕಿಂತ 14 ಡಿಗ್ರಿ ಕಡಿಮೆ ತೋರಿಸುತ್ತಿತ್ತು, ಮಾಲೀಕರ ಅನುಮಾನ ಸುಳ್ಳಾಗಿರಲಿಲ್ಲ. ಆದರೆ 14 ಡಿಗ್ರಿ ಎಂದರೆ ಈ ಮೀಟರಿನಲ್ಲಿ ಎರಡೇ ಹೆಜ್ಜೆ. ಅಂಥ ನಿಧಾನದ ದಾರಿ ತಪ್ಪುವಿಕೆಯನ್ನು ಇದು ಹಿಡಿಯುವುದಿಲ್ಲ, ಅದಕ್ಕೆ ವರ್ಷಕ್ಕೊಮ್ಮೆ ಹೊಸ ಥರ್ಮೋಕಪಲ್ ಇಳಿಸಿ ನೋಡಲೇಬೇಕು ಎಂದು ಅವರಿಗೆ ಬರೆದುಕೊಟ್ಟೆ. ಅಲ್ಯೂಮಿನಿಯಂ ಹಾಳೆಯನ್ನು ಪ್ರತಿ ಸೋಮವಾರ ಭಟ್ಟಿ ಹೊತ್ತಿಸುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದೆ, ಏಕೆಂದರೆ ಮಸಿ ಹಿಡಿದ ದಿನ ಅದು ಮತ್ತೆ ಬಣ್ಣದ ಬಾಗಿಲಾಗುತ್ತದೆ.